ಅಕ್ಕಿ ತೊಳೆದ ನೀರಿನಂಥ ಭೇದಿಗೆ ಮೊದಲು ಏನು ಕೊಡಬೇಕು?

“ಸಕಲೇಶಪುರದ ಹತ್ತಿರ ತೋಟದ ಲೈನ್ ಮನೆ. ಅಮ್ಮನಿಗೆ ಬೆಳಗ್ಗೆಯಿಂದ ಅಕ್ಕಿ ತೊಳೆದ ನೀರಿನ ಹಾಗೆ ಭೇದಿ, ವಾಂತಿ. ತೂಕ 50 ಕೆಜಿ. ಆ್ಯಂಟಿಬಯಾಟಿಕ್ ಕೊಡಲಾ?”

ಕಾಲರಾ ಇರಬಹುದು. ಖಚಿತವಾಗಲು ಮಲ ಪರೀಕ್ಷೆ ಬೇಕು, ಆದರೆ ಅದಕ್ಕೆ ಕಾಯಬೇಡಿ. ಈಗಲೇ ಓಆರ್‌ಎಸ್ ಶುರು ಮಾಡಿ, ಮಾತ್ರೆ ಆಮೇಲೆ.

ಮೊದಲು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ಮಡಿಕೆ 2 ಸೆಕೆಂಡಿಗಿಂತ ಜಾಸ್ತಿ ಹಾಗೇ ನಿಂತರೆ, ಮಂಪರು ಇದ್ದರೆ, ಕುಡಿಯೋಕೇ ಆಗದಿದ್ದರೆ ನೀರಿನಂಶ ತೀರಾ ಹೋಗಿದೆ ಅಂತ ಅರ್ಥ. ತಕ್ಷಣ 108ಕ್ಕೆ ಫೋನ್ ಮಾಡಿ, ಡ್ರಿಪ್ ಬೇಕೇ ಬೇಕು. ವಯಸ್ಸಾದವರ ಚರ್ಮ ಹೇಗೂ ಸಡಿಲ ಅಲ್ವಾ, ಹಾಗಾಗಿ ಮಂಪರು, ನಾಡಿ, ಮೂತ್ರ ನಿಂತಿದೆಯಾ ಅನ್ನೋದನ್ನೂ ನೋಡಿ.

ಮಡಿಕೆ ನಿಧಾನವಾಗಿ ಇಳಿದು, ಕಣ್ಣು ಗುಳಿಬಿದ್ದು, ನೀರು ನೀರು ಅಂತಿದ್ದರೆ ಮಧ್ಯಮ ಹಂತ. ಕೆಜಿಗೆ 75 ಮಿಲಿ ಓಆರ್‌ಎಸ್ ಲೆಕ್ಕ, ಅಂದರೆ ಅಮ್ಮನಿಗೆ 4 ಗಂಟೆಯಲ್ಲಿ ಸುಮಾರು ಮೂರೂಮುಕ್ಕಾಲು ಲೀಟರ್. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಅರ್ಧ ಪ್ಯಾಕೆಟ್ಟು ಲೋಟಕ್ಕೆ ಸುಮ್ನೆ ಅಂದಾಜಲ್ಲಿ ಬೇಡ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಕೊಡಿ. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಆ್ಯಂಟಿಬಯಾಟಿಕ್ ಮುಖ್ಯವಾಗಿ ತೀವ್ರ ಕಾಲರಾಕ್ಕೆ. ಭೇದಿಯ ಪ್ರಮಾಣ, ದಿನ ಕಡಿಮೆಯಾಗುತ್ತೆ, ಹೋದ ನೀರನ್ನು ಅದು ತುಂಬಲ್ಲ. ಡಾಕ್ಟರು ಸಾಮಾನ್ಯವಾಗಿ ವಾಂತಿ ನಿಂತ ಮೇಲೆ ಡಾಕ್ಸಿಸೈಕ್ಲಿನ್ ಒಂದೇ ಡೋಸ್ ಕೊಡುತ್ತಾರೆ. ಭೇದಿ ಕಟ್ಟುವ ಮಾತ್ರೆ ಮಾತ್ರ ಕೊಡಲೇಬೇಡಿ.