ಇ ವರ್ಗದಲ್ಲಿ ವಿಎಫ್‌ಆರ್ ಹಾರಾಟ: ಅನುಮತಿ ಎಲ್ಲಿ ಬೇಕು, ಎಲ್ಲಿ ಬೇಡ

ಈ ಚರ್ಚೆಯಲ್ಲಿ ಒಬ್ಬ ಪೈಲಟ್ ಕೇಳಿದ್ದು: «ಹೊರಡುವ ರನ್‌ವೇ ಜಿ ವರ್ಗದಲ್ಲಿದೆ. ದಾರಿಯಲ್ಲಿ ಒಂದು ಡಿ ವಲಯ, ನೆಲದಿಂದ 2,500 ಅಡಿಯವರೆಗೆ. ಅದರ ಮೇಲೆ ಇ, ಫ್ಲೈಟ್ ಲೆವೆಲ್ 70ರಿಂದ ಮೇಲೆ ಸಿ. ನಾನು ವಿಎಫ್‌ಆರ್‌ನಲ್ಲಿ ಪಶ್ಚಿಮಕ್ಕೆ 6,500 ಅಡಿಯಲ್ಲಿ ಹೋಗಬೇಕು. ಇ ನಿಯಂತ್ರಿತ ಎನ್ನುತ್ತಾರೆ, ಅನುಮತಿ ಬೇಡ ಎಂದೂ ಹೇಳುತ್ತಾರೆ. ಯಾವುದು ಸರಿ?»

ಎರಡೂ ಸರಿ. ಹೊಸಬರಿಗಾಗಿ: ವಾಯುಪ್ರದೇಶವನ್ನು ಎ ಯಿಂದ ಜಿ ವರೆಗೆ ವರ್ಗಗಳಾಗಿ ಹಂಚಿದ್ದಾರೆ, ವಿಎಫ್‌ಆರ್ ಎಂದರೆ ಕಣ್ಣಿನಿಂದ ಹೊರಗೆ ನೋಡಿ ಹಾರುವ ನಿಯಮ, ಐಎಫ್‌ಆರ್ ಎಂದರೆ ಉಪಕರಣಗಳನ್ನು ನೆಚ್ಚಿ ಹಾರುವ ನಿಯಮ. ಆದರೆ ನಿಮ್ಮ ದಾರಿಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇ ಅಲ್ಲ, ಅದರ ಮೇಲಿರುವ ಸಿ. ಅದಕ್ಕೆ ಆಮೇಲೆ ಬರುತ್ತೇನೆ.

ಇದೇ ಚರ್ಚೆಯಲ್ಲಿ ಒಬ್ಬರು «ನಿಯಂತ್ರಿತ ಎಂದರೆ ಎಟಿಸಿ, ಅಂದರೆ ವಾಯು ಸಂಚಾರ ನಿಯಂತ್ರಣ, ರಡಾರ್‌ನಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ» ಎಂದು ಬರೆದಿದ್ದಾರೆ. ಅದು ಅರ್ಧ ಸತ್ಯ. ರಡಾರ್ ಇಲ್ಲದೆಯೂ ನಿಯಂತ್ರಿತ ಪ್ರದೇಶ ಇರಬಹುದು. ಜಿ ವರ್ಗದಲ್ಲಿ ಹಾರುವಾಗಲೂ ರಡಾರ್ ನಿಮ್ಮನ್ನು ಕಾಣಬಹುದು. ಚರ್ಚೆಯಲ್ಲಿ ಒಬ್ಬ ನಿವೃತ್ತ ನಿಯಂತ್ರಕರು ಕೇಳಿದ ಪ್ರಶ್ನೆಯೇ ಇಲ್ಲಿ ಮುಖ್ಯ: ಯಾರನ್ನು ಯಾರಿಂದ ದೂರ ಇಡುವ ಹೊಣೆ ನಿಯಂತ್ರಕನ ಮೇಲಿದೆ? ಎ ವರ್ಗದಲ್ಲಿ ವಿಎಫ್‌ಆರ್‌ಗೆ ಪ್ರವೇಶವೇ ಇಲ್ಲ. ಬಿ ವರ್ಗದಲ್ಲಿ ಎಲ್ಲರನ್ನೂ ಎಲ್ಲರಿಂದಲೂ ದೂರ ಇಡುತ್ತಾರೆ. ಸಿ ವರ್ಗದಲ್ಲಿ ನಿಮ್ಮನ್ನು ಐಎಫ್‌ಆರ್ ವಿಮಾನಗಳಿಂದ ದೂರ ಇಡುತ್ತಾರೆ, ಇನ್ನೊಂದು ವಿಎಫ್‌ಆರ್ ವಿಮಾನದ ಬಗ್ಗೆ ಮಾಹಿತಿ ಮಾತ್ರ ಕೊಡುತ್ತಾರೆ. ಡಿ ವರ್ಗಕ್ಕೆ ಬಂದರೆ ಅಲ್ಲಿ ಐಎಫ್‌ಆರ್ ವಿಮಾನಗಳನ್ನು ಪರಸ್ಪರ ದೂರ ಇಡುತ್ತಾರೆ. ನಿಮಗೆ ಸಿಗುವುದು ಎಲ್ಲರ ಕುರಿತ ಮಾಹಿತಿ ಮಾತ್ರ, ಆದರೂ ಒಳಗೆ ಹೋಗಲು ಅನುಮತಿ ಬೇಕು.

ಇ ವರ್ಗದಲ್ಲೂ ಐಎಫ್‌ಆರ್ ವಿಮಾನಗಳು ಅನುಮತಿ ಪಡೆದೇ ಹಾರುತ್ತವೆ, ಅವುಗಳನ್ನು ಪರಸ್ಪರ ದೂರ ಇಡುತ್ತಾರೆ. ಆದ್ದರಿಂದಲೇ ಅದು ನಿಯಂತ್ರಿತ. ನಿಮಗೆ ಮಾತ್ರ ಅನುಮತಿ ಬೇಡ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರೇಡಿಯೊ ಸಂಪರ್ಕವೂ ಕಡ್ಡಾಯವಲ್ಲ. ಎಫ್ ಮತ್ತು ಜಿ ವರ್ಗಗಳಲ್ಲಿ ಯಾರನ್ನೂ ದೂರ ಇಡುವ ಹೊಣೆ ನಿಯಂತ್ರಕನಿಗಿಲ್ಲ, ಹಾಗಾಗಿ ಅವು ಅನಿಯಂತ್ರಿತ.

ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ನಿಮ್ಮ ದಾರಿಯಲ್ಲಿ ಒಂದು ಐಎಫ್‌ಆರ್ ವಿಮಾನ ಸಿ ಯಿಂದ ಇಳಿದು, ಮೋಡದೊಳಗಿಂದ ಇ ಗೆ ಬರುತ್ತದೆ ಎಂದುಕೊಳ್ಳಿ. ಅದರ ಪೈಲಟ್‌ಗೆ ಅನುಮತಿ ಇದೆ. ನಿಯಂತ್ರಕನಿಗೆ ನೀವಿರುವುದೇ ಗೊತ್ತಿಲ್ಲದಿರಬಹುದು. ಇಬ್ಬರನ್ನೂ ಕಾಪಾಡುವುದು ಕಣ್ಣು ಮಾತ್ರ. ಆ ಕಣ್ಣಿಗೆ ಸಮಯ ಸಿಗಲೆಂದೇ ಇ ವರ್ಗದಲ್ಲಿ ಮೋಡದಿಂದ ಲಂಬವಾಗಿ 1,000 ಅಡಿ, ಅಡ್ಡಲಾಗಿ 1,500 ಮೀಟರ್ ದೂರವಿರಬೇಕು, 10,000 ಅಡಿಗಿಂತ ಕೆಳಗೆ ಕನಿಷ್ಠ 5 ಕಿಲೋಮೀಟರ್ ಗೋಚರತೆ ಇರಬೇಕು ಎಂಬ ನಿಯಮವಿದೆ. ನಿಮಿಷಕ್ಕೆ 1,500 ಅಡಿಯಂತೆ ಇಳಿಯುವ ವಿಮಾನ 1,000 ಅಡಿ ಇಳಿಯಲು 40 ಸೆಕೆಂಡು ಬೇಕು. ಮೋಡದ ತಳ 7,000 ಅಡಿಯಲ್ಲಿದ್ದು ನೀವು 6,500ರಲ್ಲಿದ್ದರೆ ಆ ಸಮಯ 20 ಸೆಕೆಂಡಿಗೆ ಇಳಿಯುತ್ತದೆ, ನೀವು ನಿಯಮವನ್ನೂ ಮುರಿದಿರುತ್ತೀರಿ. ಅನುಮತಿ ಬೇಡದ ಕಡೆ ಈ ಅಂತರವೇ ಅನುಮತಿಯ ಕೆಲಸ ಮಾಡುತ್ತದೆ ಎಂದು ನಾನು ತಿಳಿದಿದ್ದೇನೆ. ಜಿ ವರ್ಗದಲ್ಲಿ ನೆಲದ ಹತ್ತಿರ ಹಾರುವಾಗ ಮೋಡವನ್ನು ತಾಕದೆ, ನೆಲ ಕಾಣುತ್ತಿದ್ದರೆ ಸಾಕು. ಆ ಅಭ್ಯಾಸವನ್ನೇ ಇ ಗೂ ಒಯ್ಯುವವರನ್ನು ನೋಡಿದ್ದೇನೆ. ಅದು ಅಪಾಯ.

ಈಗ ಸಿ. ನಕ್ಷೆಯಲ್ಲಿ ಡಿ ಯ ಮೇಲ್ಮಿತಿ 2,500 ಎಂದು ಅಡಿಗಳಲ್ಲಿದೆ, ಸಿ ಯ ತಳ ಫ್ಲೈಟ್ ಲೆವೆಲ್‌ನಲ್ಲಿದೆ. ಫ್ಲೈಟ್ ಲೆವೆಲ್ ಎಂದರೆ ಆಲ್ಟಿಮೀಟರ್‌ನಲ್ಲಿ 1013 ಹೆಕ್ಟೊಪಾಸ್ಕಲ್ ಇಟ್ಟಾಗ ಕಾಣುವ ಎತ್ತರ, ನೂರು ಅಡಿಗಳ ಲೆಕ್ಕದಲ್ಲಿ: 70 ಎಂದರೆ 7,000 ಅಡಿ. ನೀವು 6,500 ಅಡಿ ಎನ್ನುವುದು ಅಂದಿನ ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ, ಇಟ್ಟು ಓದಿದ್ದು. ಒತ್ತಡ ಕಡಿಮೆಯಾದಂತೆ ಫ್ಲೈಟ್ ಲೆವೆಲ್ ನೆಲದ ಕಡೆಗೆ ಜಾರುತ್ತದೆ, ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು 27 ಅಡಿಯಂತೆ. ಕ್ಯೂಎನ್‌ಎಚ್ 993 ಇರುವ ದಿನ ವ್ಯತ್ಯಾಸ 20 ಹೆಕ್ಟೊಪಾಸ್ಕಲ್, ಅಂದರೆ ಸುಮಾರು 540 ಅಡಿ. ಆ ದಿನ ಸಿ ಯ ತಳ ನಿಮ್ಮ ಆಲ್ಟಿಮೀಟರ್‌ನಲ್ಲಿ 6,460 ಅಡಿಗೆ ಬಂದಿರುತ್ತದೆ. ನೀವು 6,500ರಲ್ಲಿ, ಇ ಯಲ್ಲೇ ಇದ್ದೇನೆಂಬ ನೆಮ್ಮದಿಯಲ್ಲಿ, ಅನುಮತಿಯಿಲ್ಲದೆ ಸಿ ಯೊಳಗೆ ಹಾರುತ್ತಿರುತ್ತೀರಿ. ಪರೀಕ್ಷಿಸುವುದು ಸುಲಭ: ಒಂದು ಕ್ಷಣ 1013ಕ್ಕೆ ತಿರುಗಿಸಿ ನೋಡಿ, ಮುಳ್ಳು 7,040ರ ಹತ್ತಿರ ನಿಲ್ಲುತ್ತದೆ. ಮತ್ತೆ ಕ್ಯೂಎನ್‌ಎಚ್‌ಗೆ ತಿರುಗಿಸುವುದನ್ನು ಮರೆಯಬೇಡಿ.

ನಿಮ್ಮಲ್ಲಿ ಟ್ರಾನ್ಸಿಶನ್ ಆಲ್ಟಿಟ್ಯೂಡ್, ಅಂದರೆ ಕ್ಯೂಎನ್‌ಎಚ್ ಬಿಟ್ಟು ಫ್ಲೈಟ್ ಲೆವೆಲ್‌ಗೆ ಬದಲಾಯಿಸುವ ಎತ್ತರ, 6,500ಕ್ಕಿಂತ ಕೆಳಗಿದ್ದರೆ ನೀವು ಫ್ಲೈಟ್ ಲೆವೆಲ್ 65ರಲ್ಲೇ ಹಾರುತ್ತೀರಿ, ಆಗ ಈ ತೊಡಕಿಲ್ಲ. ಇಲ್ಲದಿದ್ದರೆ ಕಡಿಮೆ ಒತ್ತಡದ ದಿನ 4,500 ಅಡಿಗೆ ಇಳಿಯಿರಿ. ಪಶ್ಚಿಮಕ್ಕೆ ಹೋಗುವ ವಿಎಫ್‌ಆರ್‌ಗೆ ಅದೇ ಮುಂದಿನ ಎತ್ತರ, ಡಿ ಯಿಂದಲೂ ಚೆನ್ನಾಗಿ ಮೇಲಿರುತ್ತೀರಿ. 6,500 ಬೇಕೇ ಬೇಕೆಂದರೆ ಸಿ ಗೆ ಅನುಮತಿ ಕೇಳಿ.

ಕೇಳುವ ಬಗ್ಗೆ ಒಂದು ಮಾತು. ಹಲವು ವರ್ಷಗಳ ಹಿಂದೆ ನಾನು ಒಂದು ಡಿ ವಲಯದ ಅಂಚಿನಲ್ಲಿ ಕರೆದಾಗ ನಿಯಂತ್ರಕರು ನನ್ನ ಕರೆಸಂಕೇತ ಹೇಳಿ «ಸ್ಟ್ಯಾಂಡ್‌ಬೈ» ಎಂದರು. ಉತ್ತರ ಬಂತಲ್ಲ ಎಂದು ಮುಂದುವರಿದೆ. ಎರಡು ನಿಮಿಷದ ನಂತರ, ನಾನು ವಲಯದ ಒಳಗಿದ್ದಾಗ, ನೀವು ಎಲ್ಲಿದ್ದೀರಿ ಎಂದು ಕೇಳಿದ ಅವರ ದನಿ ಇನ್ನೂ ನೆನಪಿದೆ. ಅದೇ ಹೊತ್ತಿಗೆ ಒಂದು ವಿಮಾನ ಇಳಿಯಲು ಬರುತ್ತಿತ್ತು. «ಸ್ಟ್ಯಾಂಡ್‌ಬೈ» ಎಂದರೆ ಕಾಯಿರಿ ಎಂದಷ್ಟೇ, ಅನುಮತಿಯಲ್ಲ. ಮಾರ್ಗ ಮತ್ತು ಎತ್ತರ ಹೇಳಿ ಪ್ರವೇಶಕ್ಕೆ ಅನುಮತಿ ಕೊಟ್ಟು, ನೀವು ಅದನ್ನು ಮರಳಿ ಓದಿದ ಮೇಲೆಯೇ ಒಳಗೆ ಹೋಗಬೇಕು. ಅಲ್ಲಿಯವರೆಗೆ ಹೊರಗೆ ಸುತ್ತು ಹಾಕಿ. ಗೊಂದಲಕ್ಕೆ ಕಾರಣವೂ ಇದೆ: ಅಮೆರಿಕದಲ್ಲಿ ಸಿ ಮತ್ತು ಡಿ ಗೆ ನಿಮ್ಮ ಕರೆಸಂಕೇತ ಹೇಳಿ ಉತ್ತರಿಸಿದರೆ ಸಾಕು, ಸ್ಪಷ್ಟ ಅನುಮತಿ ಬೇಕಾಗುವುದು ಬಿ ಗೆ. ಅಲ್ಲಿನ ವಿಡಿಯೊ ನೋಡಿ ಕಲಿತವರು ಬೇರೆಡೆ ಎಡವುತ್ತಾರೆ. ಅಕ್ಷರ ಒಂದೇ ಆದರೂ ದೇಶದ ಪ್ರಕಟಣೆಯನ್ನೇ ಓದಬೇಕು.

ಇದೇ ಚರ್ಚೆಯಲ್ಲಿ ಡ್ರೋನ್ ಬಗ್ಗೆ ಕೇಳಿದವರಿಗೆ: ಇಲ್ಲಿ ಹೇಳಿದ್ದನ್ನು ನಿಮ್ಮ ಯಂತ್ರಕ್ಕೆ ಹಾಗೆಯೇ ಅನ್ವಯಿಸಬೇಡಿ. ಜಿ ವರ್ಗ ಎಂದ ಮಾತ್ರಕ್ಕೆ ಡ್ರೋನ್‌ಗೆ ಅನುಮತಿ ಬೇಡ ಎಂದಾಗುವುದಿಲ್ಲ, ಅದರ ನಿಯಮಗಳು ಬೇರೆ. ದಯವಿಟ್ಟು ಪ್ರತ್ಯೇಕವಾಗಿ ಕೇಳಿ.

ಇ ಯಲ್ಲಿ ಕಡ್ಡಾಯವಲ್ಲದಿದ್ದರೂ ನಿಯಂತ್ರಕರನ್ನು ರೇಡಿಯೊದಲ್ಲಿ ಕರೆಯಬೇಕೇ ಎಂಬುದರಲ್ಲಿ ನನಗೂ ಗ್ಲೈಡರ್ ಹಾರಿಸುವ ಗೆಳೆಯರಿಗೂ ಒಮ್ಮತವಿಲ್ಲ. ಬ್ಯಾಟರಿ ಉಳಿಸಬೇಕು, ದಿನವಿಡೀ ಸುತ್ತುವ ಹತ್ತು ಗ್ಲೈಡರ್‌ಗಳು ಮಾತನಾಡಿದರೆ ತರಂಗಾಂತರ ತುಂಬಿಹೋಗುತ್ತದೆ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಎಂಜಿನ್ ಇರುವ, ನೇರ ದಾರಿಯಲ್ಲಿ ಹೋಗುವ ನಿಮ್ಮಂಥವರು ಕರೆದು ಎತ್ತರ ತಿಳಿಸಿ, ರಡಾರ್‌ಗೆ ನಿಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್ ಹಾಕಿಕೊಂಡಿರಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮೋಡದಿಂದ ಇಳಿಯುವ ಪೈಲಟ್‌ಗೆ ನಿಮ್ಮ ಮಾಹಿತಿ ತಲುಪುವ ದಾರಿ ಅದು. ಹೊರಡುವ ದಿನದ ಕ್ಯೂಎನ್‌ಎಚ್ ಮತ್ತು ಮೋಡದ ತಳ ಇಲ್ಲಿ ಹಾಕಿ, ಯಾವ ಎತ್ತರ ಆಗುತ್ತದೆಂದು ನೋಡೋಣ.