ಒಂದೇ ಕಾಲಂಗೆ ಬೀಳುವ ಪಿಡಿಎಫ್ ಪಟ್ಟಿ: ಫಾರ್ಮುಲಾ ಹುಡುಕಬೇಡಿ, ಪಿಡಿಎಫ್‌ಗೇ ಹಿಂತಿರುಗಿ

ಪ್ರಶ್ನೆ: ಪಿಡಿಎಫ್‌ನಲ್ಲಿರುವ ಪಟ್ಟಿಯನ್ನು ಕಾಪಿ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡಿದರೆ ಎಲ್ಲವೂ ಒಂದೇ ಕಾಲಂನಲ್ಲಿ ಬೀಳುತ್ತದೆ. ಇದು ಸ್ಕ್ಯಾನ್ ಅಲ್ಲ, ಅಕ್ಷರಗಳು ಸೆಲೆಕ್ಟ್ ಆಗುತ್ತವೆ, ಹಾಗಾಗಿ ಓಸಿಆರ್ ಬೇಡ. ಪ್ರತಿ ಆರು ಸಾಲನ್ನು ಒಂದು ಅಡ್ಡಸಾಲು ಮಾಡುವ ಫಾರ್ಮುಲಾ ಇದೆಯೇ?

ಫಾರ್ಮುಲಾ ಇದೆ. ಅದನ್ನು ಬಳಸಿಯೇ ನಾನು ಹನ್ನೊಂದು ಮಂದಿಗೆ ತಪ್ಪು ಹಣ ಹಾಕಿದ್ದೆ.

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲವದು. ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ಪಿಡಿಎಫ್ ಆಗಿ ಬರುತ್ತಿತ್ತು. ಸದಸ್ಯ ಸಂಖ್ಯೆ, ಹೆಸರು, ಲೀಟರ್, ಮೊತ್ತ, ಕಡಿತ, ನಿವ್ವಳ ಎಂದು ಆರು ಕಾಲಂ, 212 ಸದಸ್ಯರು. ಪೇಸ್ಟ್ ಮಾಡಿದರೆ ನಿಮಗಾದಂತೆಯೇ ಎಲ್ಲವೂ ಒಂದರ ಕೆಳಗೊಂದು ಬೀಳುತ್ತಿತ್ತು. ಪುಟಪುಟಕ್ಕೂ ಬರುವ ತಲೆಬರಹಗಳನ್ನು ಅಳಿಸಿ, ಪಕ್ಕದ C1 ಕೋಶದಲ್ಲಿ ಈ ಸೂತ್ರ ಬರೆದು ಬಲಕ್ಕೂ ಕೆಳಕ್ಕೂ ಎಳೆದೆ:

```
=INDEX($A:$A,(ROW()-1)*6+COLUMN()-2)
```

ಪಟ್ಟಿ ಚೆಂದವಾಗಿ ಆರು ಕಾಲಂಗಳಲ್ಲಿ ನಿಂತಿತು. ನಾನು ಪರೀಕ್ಷಿಸದೆ ಬಿಟ್ಟವನೇನಲ್ಲ. ಪೇಸ್ಟ್ ಆದ ಸಾಲುಗಳನ್ನು ಎಣಿಸಿದೆ, 1,272 ಇದ್ದವು, ಅಂದರೆ 212ರ ಆರು ಪಟ್ಟು ಸರಿಯಾಗಿತ್ತು. ಮೊದಲ ಹತ್ತು ಸಾಲುಗಳನ್ನೂ ಕೊನೆಯ ಹತ್ತು ಸಾಲುಗಳನ್ನೂ ಪಿಡಿಎಫ್‌ನೊಂದಿಗೆ ತಾಳೆ ನೋಡಿದೆ, ಅವೂ ಸರಿಯಿದ್ದವು. ನಿವ್ವಳದ ಕಾಲಂ ಒಂದನ್ನೇ ಎತ್ತಿ, ಅದೇ ಅನುಕ್ರಮದಲ್ಲಿದ್ದ ಬ್ಯಾಂಕಿನ ಪಟ್ಟಿಗೆ ಅಂಟಿಸಿ ಕಳುಹಿಸಿಬಿಟ್ಟೆ.

ಮೂರನೆಯ ದಿನ ಒಬ್ಬ ಹೆಣ್ಣುಮಗಳು ಡೇರಿಯ ಬಾಗಿಲಿಗೆ ಬಂದು, "ಏನಣ್ಣ ಇದು, ನಂಗೆ ಸಾವಿರದ ಎಂಬತ್ತೇಳು, ಪಕ್ಕದ ಮನೆಯವಳಿಗೆ ಸಾವಿರದ ಎಂಬತ್ತೆಂಟು. ನಾಕು ಹಸ ಕಟ್ಟಿರೋ ನಂಗೂ ಒಂದು ಹಸ ಇರೋ ಅವಳಿಗೂ ಒಂದು ರೂಪಾಯೇ ವ್ಯತ್ಯಾಸವಾ?" ಎಂದು ಕೇಳಿದರು. ಪಟ್ಟಿ ತೆಗೆದು ನೋಡಿದರೆ 1084, 1085, 1086 ಎಂದು ಮೆಟ್ಟಿಲು ಹತ್ತಿದಂತೆ ಹನ್ನೊಂದು ಸಾಲು ಹೋಗಿತ್ತು. ಅವು ರೂಪಾಯಿಗಳೇ ಆಗಿರಲಿಲ್ಲ, ಸದಸ್ಯ ಸಂಖ್ಯೆಗಳಾಗಿದ್ದವು. ಪ್ರತಿಯೊಬ್ಬರಿಗೂ ಅವರ ಮುಂದಿನವರ ಸದಸ್ಯ ಸಂಖ್ಯೆಯಷ್ಟು ಹಣ ಜಮೆಯಾಗಿತ್ತು.

ಹೇಗಾಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಕೇಳುತ್ತಿರುವ ಫಾರ್ಮುಲಾ ಎಡವುವುದು ಇಲ್ಲಿಯೇ. ಕಡಿತವಿಲ್ಲದ ಎಲ್ಲರಿಗೂ ಪಟ್ಟಿಯಲ್ಲಿ 0.00 ಎಂದು ಅಚ್ಚಾಗಿತ್ತು. ಆದರೆ 83ನೆಯ ಸಾಲಿನವರು ಆಗಷ್ಟೇ ತಂದೆಯ ಸದಸ್ಯತ್ವವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರಿಂದ ಅವರ ಕಡಿತದ ಕೋಶ ಪೂರ್ತಿ ಖಾಲಿಯಿತ್ತು. ಪಿಡಿಎಫ್‌ನಲ್ಲಿ ಖಾಲಿ ಕೋಶವೆಂಬ ವಸ್ತುವೇ ಇರುವುದಿಲ್ಲ. ಈ ಅಕ್ಷರವನ್ನು ಪುಟದ ಈ ಜಾಗದಲ್ಲಿ ಬರೆ ಎಂಬ ಆಜ್ಞೆಗಳಷ್ಟೇ ಇರುತ್ತವೆ, ಬರೆಯಲು ಏನೂ ಇಲ್ಲದ ಕಡೆ ಆಜ್ಞೆಯೂ ಇರುವುದಿಲ್ಲ. ಹಾಗಾಗಿ ಪೇಸ್ಟ್ ಮಾಡಿದಾಗ ಒಂದು ಸಾಲು ಕಡಿಮೆಯಾಯಿತು, ಅವರ ನಿವ್ವಳ ಕಡಿತದ ಕಾಲಂಗೆ ಸರಿಯಿತು, ಅದರ ಹಿಂದೆಯೇ ಮುಂದಿನವರ ಸದಸ್ಯ ಸಂಖ್ಯೆ 1084 ಬಂದು ನಿವ್ವಳದಲ್ಲಿ ಕುಳಿತಿತು. ಅಲ್ಲಿಂದಾಚೆ ಎಲ್ಲವೂ ಒಂದೊಂದು ಮನೆ ಎಡಕ್ಕೆ. 94ನೆಯ ಸಾಲಿನವರ ಹೆಸರು ಉದ್ದವಾಗಿ ಎರಡು ಸಾಲಿಗೆ ಮಡಚಿಕೊಂಡಿತ್ತಾದ್ದರಿಂದ ಪೇಸ್ಟ್‌ನಲ್ಲಿ ಅದು ಎರಡು ಕೋಶವಾಗಿ, ಹೋಗಿದ್ದ ಒಂದು ಮನೆಯನ್ನು ವಾಪಸ್ಸು ಕೊಟ್ಟಿತು. ಒಂದು ಕಳೆದು ಒಂದು ಕೂಡಿದ್ದರಿಂದ ಎಣಿಕೆಯೂ ತಪ್ಪಲಿಲ್ಲ, ಪಟ್ಟಿಯ ಬಾಲವೂ ಸರಿಯಾಗಿಯೇ ಕಂಡಿತು. ಸದಸ್ಯ ಸಂಖ್ಯೆಗಳು ನಾಲ್ಕಂಕಿಯವಾಗಿದ್ದು ಹದಿನೈದು ದಿನದ ಹಾಲಿನ ದುಡ್ಡಿನಂತೆಯೇ ತೋರಿದ್ದು ನನ್ನ ದುರದೃಷ್ಟ. ಕಡಿಮೆ ಬಂದವರಿಗೆ ಅಂದೇ ಕೊಡಬೇಕಾಯಿತು. ಹೆಚ್ಚು ಹೋದದ್ದನ್ನು ಮುಂದಿನ ಬಟವಾಡೆಯಲ್ಲಿ ಹಿಡಿದುಕೊಳ್ಳುವಷ್ಟರಲ್ಲಿ ಊರಿನಲ್ಲಿ ನನಗೊಂದು ಅಡ್ಡಹೆಸರೂ ಬಿದ್ದಿತ್ತು, ಅದನ್ನಿಲ್ಲಿ ಬರೆಯುವುದಿಲ್ಲ.

ಆದ್ದರಿಂದ ಆ ಒಂದೇ ಕಾಲಂ ಅನ್ನು ರಿಪೇರಿ ಮಾಡುವ ಯೋಚನೆಯನ್ನು ಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಅಂಕಿ ಯಾವ ಕಾಲಂನದು ಎಂಬ ಮಾಹಿತಿ ಪೇಸ್ಟ್ ಆದ ಕ್ಷಣದಲ್ಲೇ ಕಳೆದುಹೋಗಿದೆ, ಅದನ್ನು ಯಾವ ಸೂತ್ರವೂ ಮರಳಿ ತರಲಾರದು. ಆದರೆ ಆ ಮಾಹಿತಿ ಪಿಡಿಎಫ್‌ನಲ್ಲಿ ಪ್ರತಿ ಅಕ್ಷರದ ಸ್ಥಾನವಾಗಿ ಇನ್ನೂ ಇದೆ. ಸ್ಥಾನವನ್ನು ಓದುವ ಸಾಧನ ಬೇಕು, ಚಿತ್ರವನ್ನು ಓದುವ ಸಾಧನವಲ್ಲ. ಓಸಿಆರ್ ಬೇಡವೆಂಬ ನಿಮ್ಮ ಮಾತು ಮಾತ್ರ ನೂರಕ್ಕೆ ನೂರು ಸರಿ. ಇರುವ ಅಂಕಿಯನ್ನು ಮತ್ತೆ ಊಹಿಸಿ 8 ಅನ್ನು 3 ಮಾಡಿಕೊಳ್ಳುವುದೇಕೆ?

ಮೊದಲು ಪಾಪ್ಲರ್ ಎಂಬ ಉಚಿತ ಸಾಧನಗಳ ಕಂತೆಯಲ್ಲಿರುವ ಆಜ್ಞೆಯಿಂದ ಒಂದು ಪುಟವನ್ನು ತೆಗೆದು ನೋಡಿ. ಉಬುಂಟುವಿನಲ್ಲಿ ಅದು `poppler-utils` ಎಂಬ ಹೆಸರಿನಲ್ಲಿ ಸಿಗುತ್ತದೆ.

```
pdftotext -layout -f 1 -l 1 patti.pdf puta1.txt
```

`-layout` ಎಂಬುದು ಅಕ್ಷರಗಳ ನಡುವಿನ ಜಾಗವನ್ನು ಖಾಲಿ ಸ್ಪೇಸ್‌ಗಳಾಗಿ ಉಳಿಸುತ್ತದೆ, ಹಾಗಾಗಿ ಖಾಲಿ ಕೋಶ ಖಾಲಿಯಾಗಿಯೇ ಕಣ್ಣಿಗೆ ಕಾಣುತ್ತದೆ. ಆದರೆ ಹೆಸರುಗಳು ಕನ್ನಡದಲ್ಲಿದ್ದರೆ ಇದನ್ನೇ ಅಂತಿಮವೆಂದು ನಂಬಬೇಡಿ. "ಕ್ಷ್ಮೀ" ಎಂಬ ಒಂದು ಅಕ್ಷರ ಒಳಗೆ ಹಲವು ಸಂಕೇತಗಳಾಗಿರುವುದರಿಂದ ಹೆಸರಿನ ಮುಂದಿನ ಅಂಕಿಗಳು ಆಚೀಚೆ ಸರಿಯುತ್ತವೆ, ಅಳತೆ ಹಿಡಿದು ಕತ್ತರಿಸಿದರೆ ಮತ್ತೆ ತಪ್ಪಾಗುತ್ತದೆ.

ಪಟ್ಟಿಗೆ ಗೆರೆಗಳಿದ್ದರೆ ಟ್ಯಾಬುಲಾ ಎಂಬ ಉಚಿತ ತಂತ್ರಾಂಶವನ್ನು ಬಳಸಿ. ಅದು ಬ್ರೌಸರ್‌ನಲ್ಲಿ ತೆರೆದುಕೊಂಡರೂ ಕೆಲಸ ಮಾಡುವುದು ನಿಮ್ಮ ಕಂಪ್ಯೂಟರ್‌ನಲ್ಲಿಯೇ, ಆದ್ದರಿಂದ ಜನರ ಖಾತೆಯ ವಿವರ ಹೊರಗೆ ಹೋಗುವುದಿಲ್ಲ. ಪಟ್ಟಿಯ ಸುತ್ತ ಚೌಕ ಎಳೆದು `Lattice` ಆರಿಸಿದರೆ ಅದು ಗೆರೆಗಳನ್ನೇ ಕೋಶದ ಗೋಡೆಗಳೆಂದು ಹಿಡಿಯುತ್ತದೆ, ಹಾಗಾಗಿ ನನ್ನ 83ನೆಯ ಸಾಲಿನ ಖಾಲಿ ಕೋಶ ಖಾಲಿಯಾಗಿಯೇ ಬರುತ್ತದೆ, 94ನೆಯವರ ಮಡಚಿದ ಹೆಸರೂ ಒಂದೇ ಕೋಶದಲ್ಲಿರುತ್ತದೆ. ಗೆರೆಗಳಿಲ್ಲದಿದ್ದರೆ `Stream` ಆರಿಸಬೇಕು. ಅಲ್ಲಿ ಮಡಚಿದ ಹೆಸರು ಅಂಕಿಗಳೇ ಇಲ್ಲದ ಇನ್ನೊಂದು ಸಾಲಾಗಿ ಬರಬಹುದು, ಆದರೆ ಅದು ಕಣ್ಣಿಗೆ ಬೀಳುವ ತಪ್ಪು, ಕೈಯಲ್ಲಿ ಸೇರಿಸಿದರಾಯಿತು.

ಹೆಸರುಗಳು ನುಡಿಯ ಹಳೆಯ ಫಾಂಟ್‌ನಲ್ಲಿದ್ದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಬರುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳದೆ, ಹೆಸರನ್ನು ಬಿಟ್ಟು ಸದಸ್ಯ ಸಂಖ್ಯೆಯನ್ನು ಹಿಡಿದು ನಿಮ್ಮ ಮೂಲ ಪಟ್ಟಿಯಿಂದ ಹೆಸರು ತಂದುಕೊಳ್ಳಿ. ನಾನು ಅಂದು ಅನುಕ್ರಮವನ್ನು ನಂಬದೆ ಸಂಖ್ಯೆಯನ್ನು ಹಿಡಿದಿದ್ದರೂ ಉಳಿಯುತ್ತಿದ್ದೆ.

ಪಟ್ಟಿ ಎಕ್ಸೆಲ್‌ಗೆ ಬಂದ ಮೇಲೆ ನಿವ್ವಳದ ಒಟ್ಟು ಮೊತ್ತವನ್ನು ಪಿಡಿಎಫ್‌ನ ಕೊನೆಯ ಸಾಲಿನ ಮೊತ್ತದೊಂದಿಗೆ ತಾಳೆ ನೋಡಿ, ಜೊತೆಗೆ ಪ್ರತಿ ಸಾಲಿನ ಪಕ್ಕದಲ್ಲಿ ಮೊತ್ತದಿಂದ ಕಡಿತವನ್ನೂ ನಿವ್ವಳವನ್ನೂ ಕಳೆಯಿರಿ. ಎಲ್ಲ ಕಡೆಯೂ ಸೊನ್ನೆ ಬರಬೇಕು.

```
=ROUND(D2-E2-F2,2)
```

ಆಮೇಲೆ ಒಂದು ಸಂಜೆ ನನ್ನ ಹಳೆಯ ಶೀಟಿಗೆ ಇದೇ ಕಳೆಯುವ ಲೆಕ್ಕವನ್ನು ಹಾಕಿ ನೋಡಿದೆ. 82ನೆಯ ಸಾಲಿನವರೆಗೆ ಸೊನ್ನೆಗಳು, 83ರಲ್ಲಿ -1084.