ಲೀಡರ್‌ಬೋರ್ಡ್‌ನಲ್ಲಿ ಅಸಾಧ್ಯ ಅಂಕಗಳು

ನನ್ನ ಹಾವಿನ ಆಟದಲ್ಲಿ ಯಾರೋ 99,99,999 ಅಂಕ ದಾಖಲಿಸಿದ್ದಾರೆ. ಹೇಗೆ ಸಾಧ್ಯವಾಯಿತು, ತಡೆಯುವುದು ಹೇಗೆ?

ಅಂಕವನ್ನು ಲೆಕ್ಕ ಹಾಕುವುದು ಆಟಗಾರನ ಬ್ರೌಸರ್; ಅದು ಕಳುಹಿಸುವ ಸಂಖ್ಯೆಯನ್ನು ಯಾರು ಬೇಕಾದರೂ ಬದಲಿಸಬಹುದು, ನಿಮ್ಮ ಸರ್ವರ್ ಅದನ್ನು ಪರೀಕ್ಷಿಸದೆ ಉಳಿಸಿಕೊಳ್ಳುತ್ತಿದೆ. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ತಪಾಸಣೆಯೂ ಆಟಗಾರನ ಕೈಯಲ್ಲೇ ಇರುವುದರಿಂದ ಅದು ರಕ್ಷಣೆಯಲ್ಲ.

ಅಂಕಣದಲ್ಲಿ 400 ಚೌಕಗಳಿದ್ದು, ಹಾವು 3 ಚೌಕಗಳಿಂದ ಆರಂಭವಾಗಿ, ತಿಂದ ಪ್ರತಿ ಹಣ್ಣಿಗೆ ಒಂದು ಚೌಕ ಬೆಳೆದು 10 ಅಂಕ ಗಳಿಸುವುದಾದರೆ, ಗರಿಷ್ಠ ಅಂಕ 3,970. ಅದಕ್ಕಿಂತ ಹೆಚ್ಚಿನದನ್ನೂ, ಋಣ ಸಂಖ್ಯೆಯನ್ನೂ, 10ರಿಂದ ಭಾಗವಾಗದ್ದನ್ನೂ ಸರ್ವರ್ ತಿರಸ್ಕರಿಸಲಿ. ಆಟ ಆರಂಭವಾದ ಸಮಯವನ್ನು ಸರ್ವರೇ ಬರೆದಿಟ್ಟುಕೊಳ್ಳಲಿ: ಹಾವು ಸೆಕೆಂಡಿಗೆ 10 ಹೆಜ್ಜೆ ಚಲಿಸಿದರೆ, 5 ಸೆಕೆಂಡಿನಲ್ಲಿ 500 ಅಂಕ ದಾಟಲಾಗದು.

ಆದರೂ ನಂಬುವಂತಹ ಸುಳ್ಳು, ಉದಾಹರಣೆಗೆ ಅರ್ಧ ಗಂಟೆ ಕಾದು ಕಳುಹಿಸಿದ 2,000, ಇಲ್ಲಿ ನುಸುಳುತ್ತದೆ. ಅದನ್ನು ಹಿಡಿಯಲು ಹಣ್ಣುಗಳ ಸ್ಥಾನವನ್ನು ಸರ್ವರೇ ನಿರ್ಧರಿಸಿ, ಆಟಗಾರನ ನಡೆಗಳನ್ನು ತರಿಸಿಕೊಂಡು, ಆಟವನ್ನು ತಾನೇ ಮತ್ತೆ ಆಡಿ ಅಂಕ ಎಣಿಸಬೇಕು.